ಜರ್ನಲ್ ಕ್ಲಬ್ ಸ್ಲೈಡ್ ಮಾಡುವುದು ಹೇಗೆ: ಒಂದು ಪೇಪರ್, ಹನ್ನೊಂದು ಸ್ಲೈಡ್, ಲೆಕ್ಕಕ್ಕೆ ಸಿಗದ ಒಂದು ಸಂಖ್ಯೆ

ನಾನು ಪಿಜಿ ಮೊದಲ ವರ್ಷದಲ್ಲಿ ಮಾಡಿದ ಜರ್ನಲ್ ಕ್ಲಬ್‌ನಲ್ಲಿ 46 ಸ್ಲೈಡ್ ಇದ್ದವು. ಪೇಪರಿನ ಪ್ರತಿ ಪ್ಯಾರಾಗೂ ಒಂದೊಂದು ಸ್ಲೈಡ್, ಟೇಬಲ್‌ಗಳ ಸ್ಕ್ರೀನ್‌ಶಾಟ್, ಕೊನೆಗೆ ಹೂವಿನ ಚಿತ್ರದ ಮೇಲೆ ಥ್ಯಾಂಕ್ ಯೂ. ಒಂಬತ್ತನೇ ಸ್ಲೈಡಿಗೆ ಮೇಡಂ ಕೈ ಎತ್ತಿ ನಿಲ್ಲಿಸಿದರು. "ಇರಲಿ ಕಣಮ್ಮ, ಇವರು ಕೇಳಿದ ಪ್ರಶ್ನೆ ಏನು? ಸ್ಲೈಡ್ ನೋಡದೆ ಹೇಳು." ನನಗೆ ಹೇಳಲು ಬರಲಿಲ್ಲ. ಎರಡು ರಾತ್ರಿ ಕೂತು ಮಾಡಿದ ಸ್ಲೈಡ್‌ಗಳು, ಆದರೆ ಪ್ರಶ್ನೆ ಏನು ಅಂತಲೇ ಗೊತ್ತಿಲ್ಲ.

ಈಗ ನಾನು ಆಚೆ ಬದಿಯಲ್ಲಿ ಕೂರುತ್ತೇನೆ, ಕೈ ಎತ್ತುವ ಜಾಗದಲ್ಲಿ. ಜೂನಿಯರ್‌ಗಳು ಕೇಳಿದಾಗಲೆಲ್ಲ ಹೇಳುವುದನ್ನು ಇಲ್ಲಿ ಒಮ್ಮೆ ಪೂರ್ತಿ ಬರೆದಿಡುತ್ತಿದ್ದೇನೆ. ಸುಮ್ನೆ ನಿಯಮ ಹೇಳಿದರೆ ಉಪಯೋಗ ಇಲ್ಲ, ಅದಕ್ಕೇ ಒಂದು ನಿಜವಾದ ಪೇಪರ್ ಇಟ್ಟುಕೊಂಡು ಮಾಡೋಣ. ನಾನು ಆರಿಸಿಕೊಂಡಿದ್ದು ಕೋವಿಡ್ ಕಾಲದ ರಿಕವರಿ ಟ್ರಯಲ್‌ನ ಡೆಕ್ಸಾಮೆಥಾಸೋನ್ ಪೇಪರ್. ಇದು ಎಲ್ಲರಿಗೂ ಗೊತ್ತಿರುವ ಔಷಧ, ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವಂಥದ್ದು. ಪೇಪರ್ ಚೆನ್ನಾಗಿದೆ, ಉದ್ದವಿಲ್ಲ. ಮೇಲಿಂದ ಸಲೀಸಾಗಿ ಕಾಣುತ್ತದೆ, ಒಳಗೆ ಎರಡು ಮೂರು ಕಡೆ ಎಡವಿಸುತ್ತದೆ. ಕಲಿಯಲು ಇಂಥದ್ದೇ ಬೇಕು.

ಶುರುವಿಗೆ: ನಿಮ್ಮ ಕೈಯಲ್ಲಿರುವುದು ಯಾವ ಆವೃತ್ತಿ?

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದೇ ಅಧ್ಯಯನ ಎರಡು ಮೂರು ರೂಪದಲ್ಲಿ ಓಡಾಡುತ್ತಿರುತ್ತದೆ. ಡೆಕ್ಸಾಮೆಥಾಸೋನ್ ಫಲಿತಾಂಶ ಮೊದಲು 2020ರ ಜೂನ್ 16ರಂದು ಪತ್ರಿಕಾ ಪ್ರಕಟಣೆಯಾಗಿ ಬಂತು. ಅದೇ ತಿಂಗಳು ಪ್ರಿಪ್ರಿಂಟ್ ಬಂತು. ಜುಲೈಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಾಥಮಿಕ ವರದಿ ಅಂತ ಬಂತು. ಅಂತಿಮ ರೂಪ ಬಂದದ್ದು 2021ರ ಫೆಬ್ರವರಿಯಲ್ಲಿ.

ಪ್ರಿಪ್ರಿಂಟ್‌ನಲ್ಲಿ 28 ದಿನದೊಳಗೆ ತೀರಿಕೊಂಡವರು ಡೆಕ್ಸಾ ಗುಂಪಿನಲ್ಲಿ 21.6%, ಇನ್ನೊಂದರಲ್ಲಿ 24.6%. ಅಂತಿಮ ಪೇಪರಿನಲ್ಲಿ ಅದೇ ಸಂಖ್ಯೆಗಳು 22.9% ಮತ್ತು 25.7%. ಮೋಸ ಏನಿಲ್ಲ, ಫಾಲೋಅಪ್ ಪೂರ್ತಿಯಾದ ಹಾಗೆ ಸಾವುಗಳ ಲೆಕ್ಕವೂ ಪೂರ್ತಿಯಾಯಿತು, ಅಷ್ಟೆ. ಆದರೆ ನೀವು ಗೂಗಲ್‌ನಲ್ಲಿ ಸಿಕ್ಕ ಯಾರದೋ ಸ್ಲೈಡಿನಿಂದ ಒಂದು ಸಂಖ್ಯೆ, ಪೇಪರಿನಿಂದ ಇನ್ನೊಂದು ಸಂಖ್ಯೆ ತೆಗೆದುಕೊಂಡರೆ ಎರಡೂ ಒಂದೇ ಸ್ಲೈಡಿನಲ್ಲಿ ಕೂತು ಜಗಳ ಆಡುತ್ತವೆ. ಅಂತಿಮ ಪಿಡಿಎಫ್ ಇಳಿಸಿಕೊಳ್ಳಿ, ಜೊತೆಗೆ ಸಪ್ಲಿಮೆಂಟರಿ ಅಪೆಂಡಿಕ್ಸ್ ಮತ್ತು ಪ್ರೋಟೋಕಾಲ್ ಕೂಡ. ಮೊದಲ ಸ್ಲೈಡಿನಲ್ಲಿ ಶೀರ್ಷಿಕೆಯ ಕೆಳಗೆ ಯಾವ ಆವೃತ್ತಿ, ಯಾವ ತಿಂಗಳದ್ದು ಅಂತ ಬರೆಯಿರಿ. ಒಂದೇ ಸಾಲು, ಆದರೆ ಪ್ರೊಫೆಸರ್‌ಗಳ ಕಣ್ಣಿಗೆ ಅದು ಬೀಳುತ್ತದೆ.

ಪವರ್‌ಪಾಯಿಂಟ್ ತೆರೆಯುವ ಮೊದಲು

ಒಂದು ಎ4 ಹಾಳೆ ತೆಗೆದುಕೊಳ್ಳಿ. ಅಬ್‌ಸ್ಟ್ರಾಕ್ಟ್ ಓದಬೇಡಿ. ಹೌದು, ಓದಬೇಡಿ. ಅಬ್‌ಸ್ಟ್ರಾಕ್ಟ್ ಓದಿದರೆ ಲೇಖಕರ ತೀರ್ಮಾನ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಟೇಬಲ್‌ಗಳಲ್ಲೂ ಅದೇ ಕಾಣುತ್ತದೆ. ಇಂಟ್ರೊಡಕ್ಷನ್‌ನ ಕೊನೆಯ ಪ್ಯಾರಾ ಓದಿ, ಮೆಥಡ್ಸ್ ಓದಿ, ಆಮೇಲೆ ನೇರ ಟೇಬಲ್ ಮತ್ತು ಚಿತ್ರಗಳಿಗೆ ಹೋಗಿ. ಡಿಸ್ಕಷನ್ ಕೊನೆಗೆ. ಹಾಳೆಯಲ್ಲಿ ನಾಲ್ಕು ಭಾಗ ಮಾಡಿ: ಏನು ಕೇಳಿದರು, ಹೇಗೆ ನೋಡಿದರು, ಏನು ಸಿಕ್ಕಿತು, ಎಲ್ಲಿ ನಂಬಬಾರದು. ಆ ಕೊನೆಯ ಭಾಗವನ್ನು ಡಿಸ್ಕಷನ್ ಓದುವ ಮೊದಲೇ, ನಿಮ್ಮ ಸ್ವಂತ ತಲೆಯಿಂದ ತುಂಬಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪ್ರಶ್ನೆಯ ಸ್ಲೈಡ್

ಎಲ್ಲರಿಗೂ ಪಿಕೋ ಗೊತ್ತು: ಯಾರಲ್ಲಿ, ಏನು ಕೊಟ್ಟು, ಯಾವುದರ ಜೊತೆ ಹೋಲಿಸಿ, ಯಾವ ಫಲ ನೋಡಿದರು. ನಾಲ್ಕು ಅಕ್ಷರ ನಾಲ್ಕು ಬಾಕ್ಸ್‌ನಲ್ಲಿ ಹಾಕಿ ಮುಂದೆ ಹೋಗುತ್ತಾರೆ. ಅದರ ಬದಲು ಒಂದು ವಾಕ್ಯ ಬರೆಯಿರಿ. ಸ್ಲೈಡ್ ಇಂಗ್ಲಿಷಿನಲ್ಲೇ ಇರುತ್ತದೆ ಬಿಡಿ, ಆದರೆ ಆ ವಾಕ್ಯವನ್ನು ಮೊದಲು ಕ್ಯಾಂಟೀನಿನಲ್ಲಿ ಬೇರೆ ಡಿಪಾರ್ಟ್‌ಮೆಂಟಿನ ಗೆಳತಿಗೆ ಕನ್ನಡದಲ್ಲಿ ಹೇಳಿ ನೋಡಿ. ಹೇಳಲು ಬಂದರೆ ಅರ್ಥವಾಗಿದೆ ಅಂತ ಲೆಕ್ಕ.

ನಮ್ಮ ಪೇಪರಿನದು ಹೀಗೆ: ಕೋವಿಡ್ ಇದೆ ಅಥವಾ ಇರಬಹುದು ಎಂದು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಾಖಲಾದವರಿಗೆ, ಮಾಮೂಲಿ ಚಿಕಿತ್ಸೆಯ ಜೊತೆ ದಿನಕ್ಕೊಮ್ಮೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಹೆಚ್ಚೆಂದರೆ 10 ದಿನ ಕೊಟ್ಟರೆ, ಬರೀ ಮಾಮೂಲಿ ಚಿಕಿತ್ಸೆಗಿಂತ 28 ದಿನದೊಳಗಿನ ಸಾವು ಕಮ್ಮಿಯಾಗುತ್ತದಾ?

ಈ ವಾಕ್ಯದಲ್ಲಿ ಪ್ರತಿ ಪದಕ್ಕೂ ಕೆಲಸ ಇದೆ. "ಆಸ್ಪತ್ರೆಗಳಲ್ಲಿ ದಾಖಲಾದವರಿಗೆ" ಬಿಟ್ಟುಬಿಟ್ಟರೆ ಪ್ರಶ್ನೆಯೇ ಬದಲಾಗುತ್ತದೆ. ಮನೆಯಲ್ಲಿ ಜ್ವರ ಬಂದು ಮಲಗಿದವರ ಬಗ್ಗೆ ಈ ಪೇಪರ್ ಏನೂ ಹೇಳುವುದಿಲ್ಲ. "ಇರಬಹುದು ಎಂದು" ಅನ್ನುವುದೂ ಮುಖ್ಯ, ಪ್ರಯೋಗಾಲಯದಲ್ಲಿ ದೃಢವಾಗದವರನ್ನೂ ಸೇರಿಸಿಕೊಂಡಿದ್ದಾರೆ. ಇನ್ನು ಎದುರು ಗುಂಪು "ಮಾಮೂಲಿ ಚಿಕಿತ್ಸೆ", ಪ್ಲಸೀಬೋ ಅಲ್ಲ. ಇದನ್ನು ಪ್ಲಸೀಬೋ ಅಂತ ಸ್ಲೈಡಿನಲ್ಲಿ ಹಾಕಿದವರನ್ನು ನಾನೇ ಎರಡು ಸಲ ನೋಡಿದ್ದೇನೆ.

ಹಿನ್ನೆಲೆಗೆ ಒಂದೇ ಸ್ಲೈಡ್ ಸಾಕು. ಕೊರೊನಾ ವೈರಸ್ಸಿನ ಚಿತ್ರ, ಅದರ ರಚನೆ, ಜಗತ್ತಿನಲ್ಲಿ ಎಷ್ಟು ಕೇಸ್, ಇದ್ಯಾವುದೂ ಬೇಡ. ಸ್ಟಿರಾಯ್ಡ್ ಕೊಡಬೇಕಾ ಬೇಡವಾ ಎಂದು 2020ರ ಶುರುವಿನಲ್ಲಿ ನಿಜಕ್ಕೂ ಗೊಂದಲ ಇತ್ತು. ಉರಿಯೂತ ತಗ್ಗಿಸಬಹುದು ಅನ್ನುವುದು ಒಂದು ಕಡೆ, ವೈರಸ್ ಇನ್ನೂ ಬೆಳೆಯುತ್ತಿರುವಾಗ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದ ಹಾಗಾಗಬಹುದು ಅನ್ನುವುದು ಇನ್ನೊಂದು ಕಡೆ. ಈ ಎರಡು ಸಾಲು ಹಾಕಿ. ಇವೇ ಮುಂದೆ ಫಲಿತಾಂಶ ಅರ್ಥ ಮಾಡಿಕೊಳ್ಳಲು ಬೇಕಾಗುತ್ತವೆ.

ಮೆಥಡ್ಸ್: ಮೂರು ಸ್ಲೈಡ್, ಹೆಚ್ಚಿಲ್ಲ

ಮೊದಲನೆಯದು, ಜನ ಹೇಗೆ ಬಂದರು. ಪೇಪರಿನ ಫಿಗರ್ 1 ಅನ್ನು ಹಾಗೇ ಅಂಟಿಸಬೇಡಿ, ಹಿಂದಿನ ಬೆಂಚಿಗೆ ಒಂದಕ್ಷರ ಕಾಣುವುದಿಲ್ಲ. ನೀವೇ ನಾಲ್ಕು ಬಾಕ್ಸ್ ಎಳೆಯಿರಿ. ಒಟ್ಟು ಟ್ರಯಲ್‌ಗೆ ಸೇರಿದವರು 11,303. ಅದರಲ್ಲಿ ಡೆಕ್ಸಾಮೆಥಾಸೋನ್‌ಗೆ ಅರ್ಹರಾದವರು 9,355. ಅವರಲ್ಲಿ ಡೆಕ್ಸಾ ಗುಂಪಿಗೆ 2,104, ಮಾಮೂಲಿ ಚಿಕಿತ್ಸೆಗೆ 4,321.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಎರಡನ್ನೂ ಕೂಡಿದರೆ 6,425 ಆಯಿತು, ಉಳಿದವರು ಎಲ್ಲಿ ಹೋದರು? ಉತ್ತರ ಸುಲಭ, ಆದರೆ ಗೊತ್ತಿರಬೇಕು. ರಿಕವರಿ ಒಂದೇ ಔಷಧದ ಟ್ರಯಲ್ ಅಲ್ಲ. ಒಂದೇ ಚಪ್ಪರದ ಕೆಳಗೆ ಹೈಡ್ರಾಕ್ಸಿಕ್ಲೋರೊಕ್ವಿನ್, ಲೋಪಿನಾವಿರ್, ಅಜಿತ್ರೋಮೈಸಿನ್ ಗುಂಪುಗಳೂ ನಡೆಯುತ್ತಿದ್ದವು, ಉಳಿದವರು ಅಲ್ಲಿಗೆ ಹೋದರು. ಮಾಮೂಲಿ ಚಿಕಿತ್ಸೆಯ ಗುಂಪಿಗೆ ಎರಡು ಪಾಲು ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಎಲ್ಲಾ ಔಷಧಗಳನ್ನೂ ಆ ಒಂದೇ ಗುಂಪಿನ ಜೊತೆ ಹೋಲಿಸಬೇಕಲ್ವಾ?

11,303ರಿಂದ 9,355ಕ್ಕೆ ಇಳಿದಾಗ ಬಿಟ್ಟುಹೋದ 1,948 ಜನರ ಮೇಲೂ ಒಂದು ಕಣ್ಣಿಡಿ. ಕೆಲವರ ಆಸ್ಪತ್ರೆಯಲ್ಲಿ ಆಗ ಔಷಧ ಇರಲಿಲ್ಲ. ಇನ್ನು ಕೆಲವರಿಗೆ ಡೆಕ್ಸಾ ಖಂಡಿತ ಬೇಕು ಅಂತಲೋ, ಖಂಡಿತ ಬೇಡ ಅಂತಲೋ ಅವರ ವೈದ್ಯರಿಗೇ ಅನಿಸಿತ್ತು. ಅಂದರೆ ವೈದ್ಯರಿಗೆ ಡೋಲಾಯಮಾನ ಇದ್ದ ರೋಗಿಗಳು ಮಾತ್ರ ಈ ಲೆಕ್ಕದಲ್ಲಿ ಇದ್ದಾರೆ. ಮಿತಿಗಳ ಭಾಗಕ್ಕೆ ಈಗಲೇ ಒಂದು ಗುರುತು ಹಾಕಿ.

ಎರಡನೇ ಸ್ಲೈಡಿನಲ್ಲಿ ಹೇಗೆ ಹಂಚಿದರು, ಯಾರಿಗೆ ಗೊತ್ತಿತ್ತು. ವೆಬ್‌ಸೈಟ್ ಮೂಲಕ ಚೀಟಿ ಎತ್ತಿದ ಹಾಗೆ ಹಂಚಿಕೆ, ಮುಂದಿನ ರೋಗಿ ಯಾವ ಗುಂಪಿಗೆ ಅಂತ ವೈದ್ಯರಿಗೆ ಮೊದಲೇ ಗೊತ್ತಾಗುವ ಹಾಗಿಲ್ಲ. ಆದರೆ ಹಂಚಿದ ಮೇಲೆ ಎಲ್ಲರಿಗೂ ಗೊತ್ತು, ಓಪನ್ ಲೇಬಲ್. ಇವೆರಡನ್ನು ಒಂದೇ ಅಂದುಕೊಳ್ಳುವುದು ಪಿಜಿಗಳ ಹಳೇ ಕಾಯಿಲೆ. ಹಂಚಿಕೆ ಗುಟ್ಟಾಗಿರುವುದು ಬೇರೆ, ಚಿಕಿತ್ಸೆ ಗುಟ್ಟಾಗಿರುವುದು ಬೇರೆ. ಮೊದಲನೆಯದು ಇಲ್ಲಿದೆ, ಎರಡನೆಯದು ಇಲ್ಲ.

ಮೂರನೇ ಸ್ಲೈಡ್ ಸ್ಯಾಂಪಲ್ ಸೈಜ್ ಮತ್ತು ವಿಶ್ಲೇಷಣೆ. ಸಾಂಕ್ರಾಮಿಕ ಶುರುವಾದಾಗ ಎಷ್ಟು ಜನ ಬೇಕು ಎಂದು ಹೇಳಲು ಆಗುತ್ತಿರಲಿಲ್ಲ. ಆಮೇಲೆ ಸ್ಟೀರಿಂಗ್ ಕಮಿಟಿ ಲೆಕ್ಕ ಹಾಕಿತು: ಸಾವು 20% ಇದ್ದರೆ, ಅದು ಐದನೇ ಒಂದು ಭಾಗ ಇಳಿಯುವುದನ್ನು ಹಿಡಿಯಲು ಡೆಕ್ಸಾದಲ್ಲಿ 2,000, ಮಾಮೂಲಿಯಲ್ಲಿ 4,000 ಜನ ಬೇಕು. ಅಷ್ಟು ಆದ ಮೇಲೆ 2020ರ ಜೂನ್ 8ಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. "ಫಲಿತಾಂಶ ಚೆನ್ನಾಗಿ ಬಂತು ಅಂತ ಮಧ್ಯದಲ್ಲೇ ನಿಲ್ಲಿಸಿದರಾ?" ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನಿ, ಬೇಕಾದಷ್ಟು ಜನ ಸಿಕ್ಕಿದರು ಅಂತ ನಿಲ್ಲಿಸಿದರು. ವಿಶ್ಲೇಷಣೆ ಇಂಟೆನ್ಷನ್ ಟು ಟ್ರೀಟ್, ಅಂದರೆ ಹಂಚಿಕೆಯಾದ ಗುಂಪಿನಲ್ಲೇ ಎಣಿಕೆ, ಔಷಧ ನಿಜವಾಗಿ ತೆಗೆದುಕೊಂಡರೋ ಇಲ್ಲವೋ.

ರಿಸಲ್ಟ್ಸ್: ಇಲ್ಲಿ ನಿಧಾನ

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ನನ್ನದೊಂದು ಕಡ್ಡಾಯ ನಿಯಮ ಇದೆ: ಸ್ಲೈಡಿನ ಮೇಲೆ ಬರುವ ಪ್ರತಿ ಶೇಕಡಾವನ್ನೂ ಕೈಯಾರೆ ಭಾಗಿಸಿ ನೋಡಿದ ಮೇಲೆಯೇ ಟೈಪ್ ಮಾಡಬೇಕು. ಮುಖ್ಯ ಫಲಿತಾಂಶ ಮಾಡೋಣ.

```
ಡೆಕ್ಸಾ:   482 / 2104  = 22.9%
ಮಾಮೂಲಿ: 1110 / 4321 = 25.7%
ವ್ಯತ್ಯಾಸ:  25.7 - 22.9 = 2.8
ಅನುಪಾತ:  22.9 / 25.7 = 0.89
```

ಸರಿ. ಈಗ ಪೇಪರ್ ನೋಡಿ. ಅಲ್ಲಿ ರೇಟ್ ರೇಶಿಯೋ 0.83 ಅಂತ ಇದೆ, 95% ಕಾನ್ಫಿಡೆನ್ಸ್ ಇಂಟರ್ವಲ್ 0.75ರಿಂದ 0.93. ನಮ್ಮ ಲೆಕ್ಕಕ್ಕೆ 0.89 ಬಂತು. ಎಲ್ಲಿ ತಪ್ಪಿತು?

ಎಲ್ಲೂ ತಪ್ಪಿಲ್ಲ. ಟೇಬಲ್ 1ಕ್ಕೆ ವಾಪಸ್ ಹೋಗಿ ವಯಸ್ಸಿನ ಸಾಲು ನೋಡಿ. ಡೆಕ್ಸಾ ಗುಂಪಿನವರು ಸರಾಸರಿ 1.1 ವರ್ಷ ದೊಡ್ಡವರು. ಚೀಟಿ ಎತ್ತಿ ಹಂಚಿದರೂ ಹೀಗಾಗುತ್ತದೆ, ಬರೀ ಅದೃಷ್ಟದಾಟ. ಒಂದು ವರ್ಷ ಏನು ಮಹಾ ಅನಿಸಬಹುದು. ಆದರೆ ಕೋವಿಡ್‌ನಲ್ಲಿ ವಯಸ್ಸಿನಷ್ಟು ಜೋರಾಗಿ ಸಾವನ್ನು ತಳ್ಳುವುದು ಬೇರೊಂದಿಲ್ಲ, ಎಂಬತ್ತು ದಾಟಿದವರು ಒಂದು ಕಡೆ ಸ್ವಲ್ಪ ಜಾಸ್ತಿ ಸೇರಿಕೊಂಡರೂ ತಕ್ಕಡಿ ವಾಲುತ್ತದೆ. ಡೆಕ್ಸಾ ಗುಂಪು ಓಟ ಶುರುವಾಗುವ ಮೊದಲೇ ಒಂದು ಹೆಜ್ಜೆ ಹಿಂದೆ ನಿಂತಿತ್ತು, ಅಷ್ಟಾದರೂ ಮುಂದೆ ಬಂತು. ಅದಕ್ಕೇ ಲೇಖಕರು 70ಕ್ಕಿಂತ ಕಮ್ಮಿ, 70ರಿಂದ 79, 80 ಮತ್ತು ಮೇಲೆ ಎಂದು ಮೂರು ವಯಸ್ಸಿನ ಗುಂಪು ಮಾಡಿ ಸರಿಹೊಂದಿಸಿದರು. ಸರಿಹೊಂದಿಸಿದ ಮೇಲೆ ಬಂದದ್ದು 0.83.

ಇನ್ನೊಂದು ಸಣ್ಣ ವಿಷಯ. 0.89 ಅನ್ನುವುದು ಎರಡು ಶೇಕಡಾಗಳ ಅನುಪಾತ. 0.83 ಅನ್ನುವುದು ಕಾಕ್ಸ್ ಮಾದರಿಯಿಂದ ಬಂದದ್ದು, ಯಾವ ದಿನ ಸಾವಾಯಿತು ಅನ್ನುವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡೂ ಒಂದೇ ಜಾತಿಯ ಸಂಖ್ಯೆಗಳಲ್ಲ. ಆದರೆ ಇಲ್ಲಿ ಅಂತರದ ದೊಡ್ಡ ಪಾಲು ವಯಸ್ಸಿನದೇ.

ನಾನು ಹಾಳೆಯಲ್ಲಿ ಲೆಕ್ಕ ಮಾಡಿಸುವುದು ಇದೇ ಕಾರಣಕ್ಕೆ. ಮಾಡದವರು 22.9, 25.7, 0.83 ಮೂರನ್ನೂ ಒಂದೇ ಸಾಲಿನಲ್ಲಿ ಹಾಕುತ್ತಾರೆ, ಹಿಂದಿನ ಬೆಂಚಿನಿಂದ ಯಾರೋ ಫೋನಿನಲ್ಲಿ ಭಾಗಿಸಿ "ಸರ್, ಇದು ಟ್ಯಾಲಿ ಆಗ್ತಿಲ್ಲ" ಅನ್ನುತ್ತಾರೆ, ಆಮೇಲೆ ಹತ್ತು ನಿಮಿಷ ಗೋವಿಂದ. ಸ್ಲೈಡಿನಲ್ಲಿ ಸಂಖ್ಯೆಯ ಪಕ್ಕದಲ್ಲೇ "ವಯಸ್ಸಿಗೆ ಸರಿಹೊಂದಿಸಿದ್ದು" ಎಂದು ಬರೆಯಿರಿ. ಅಡಿಟಿಪ್ಪಣಿಯಲ್ಲಿ ಅಲ್ಲ, ಪಕ್ಕದಲ್ಲೇ.

ಎಷ್ಟು ಜನಕ್ಕೆ ಕೊಟ್ಟರೆ ಒಂದು ಜೀವ ಉಳಿಯುತ್ತದೆ ಅಂತ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಹಾಕಿ, ಆದರೆ ಯಾವುದರಿಂದ ಬಂತು ಅಂತ ಬರೆಯಿರಿ. 100 ಅನ್ನು 2.8ರಿಂದ ಭಾಗಿಸಿದರೆ ಸುಮಾರು 36. ಇದು ವಯಸ್ಸಿಗೆ ಸರಿಹೊಂದಿಸದ ಸಂಖ್ಯೆ. 0.83ನ್ನು 25.7ಕ್ಕೆ ಹಚ್ಚಿ ಅಂದಾಜು ಮಾಡಿದರೆ ವ್ಯತ್ಯಾಸ 4.4 ಆಗಿ, ಉತ್ತರ 23ರ ಹತ್ತಿರ ಬರುತ್ತದೆ. ಒಂದೇ ಪೇಪರ್, ಎರಡು ಉತ್ತರ.

ಈ ಪೇಪರಿನ ಹೃದಯ ಇರುವುದು ಮುಂದಿನ ಸ್ಲೈಡಿನಲ್ಲಿ

ಒಟ್ಟು ಫಲಿತಾಂಶಕ್ಕೆ ಒಂದು ಸ್ಲೈಡ್ ಕೊಟ್ಟರೆ, ಉಸಿರಾಟದ ನೆರವಿನ ಪ್ರಕಾರ ಮೂರು ಗುಂಪು ಮಾಡಿದ ಫಲಿತಾಂಶಕ್ಕೆ ಎರಡು ಸ್ಲೈಡ್ ಕೊಡಿ. ಪೇಪರಿನ ಫಾರೆಸ್ಟ್ ಪ್ಲಾಟ್ ನೋಡಿ ಇದೇ ಟೇಬಲ್ ಅನ್ನು ನೀವೇ ಟೈಪ್ ಮಾಡಿ:

| ಸೇರುವಾಗಿನ ಸ್ಥಿತಿ | ಡೆಕ್ಸಾ | ಮಾಮೂಲಿ | ಸರಿಹೊಂದಿಸಿದ ಅನುಪಾತ |
|---|---|---|---|
| ವೆಂಟಿಲೇಟರ್ | 95/324 (29.3%) | 283/683 (41.4%) | 0.64 (0.51–0.81) |
| ಆಮ್ಲಜನಕ ಮಾತ್ರ | 298/1279 (23.3%) | 682/2604 (26.2%) | 0.82 (0.72–0.94) |
| ಎರಡೂ ಇಲ್ಲ | 89/501 (17.8%) | 145/1034 (14.0%) | 1.19 (0.92–1.55) |

ಟೈಪ್ ಮಾಡಿದ ಮೇಲೆ ಕೂಡಿ ನೋಡಿ. 95, 298, 89 ಸೇರಿದರೆ 482 ಬರಬೇಕು, ಬರುತ್ತದೆ. ಒಂದು ಅಂಕಿ ತಪ್ಪು ಟೈಪ್ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಈಗ ಮೂರನೇ ಸಾಲು. ಅಲ್ಲಿ ಡೆಕ್ಸಾ ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಕಾಣುತ್ತದೆ. ಇದನ್ನು ಪಿಜಿಗಳು ಎರಡು ಥರ ತಪ್ಪಾಗಿ ಹೇಳುತ್ತಾರೆ. ಒಬ್ಬರು "ಆಮ್ಲಜನಕ ಬೇಡದವರಿಗೆ ಡೆಕ್ಸಾ ಸಾವು ತರುತ್ತದೆ" ಅನ್ನುತ್ತಾರೆ. ಇನ್ನೊಬ್ಬರು "ಇಂಟರ್ವಲ್ 1ನ್ನು ದಾಟಿದೆ, ಹಾಗಾಗಿ ಏನೂ ಪರಿಣಾಮ ಇಲ್ಲ" ಅನ್ನುತ್ತಾರೆ. ಎರಡೂ ಪೇಪರಿನಲ್ಲಿಲ್ಲ. ಇಂಟರ್ವಲ್ 0.92ರಿಂದ 1.55ರವರೆಗೆ ಇದೆ. ಅಂದರೆ ಎಂಟು ಪರ್ಸೆಂಟ್ ಒಳ್ಳೆಯದೂ ಆಗಿರಬಹುದು, ಐವತ್ತೈದು ಪರ್ಸೆಂಟ್ ಕೆಟ್ಟದ್ದೂ ಆಗಿರಬಹುದು. ಸ್ಲೈಡಿನಲ್ಲಿ ಬರೆಯಬೇಕಾದ್ದು ಇಷ್ಟೇ: ಲಾಭ ಕಂಡಿಲ್ಲ, ಹಾನಿ ಇಲ್ಲವೆಂದು ಹೇಳಲು ಆಗುವುದಿಲ್ಲ.

ಇದು ಬರೀ ಪದಗಳ ಆಟ ಅಲ್ಲ. 2021ರ ಎರಡನೇ ಅಲೆ ನೆನಪಿದೆಯಲ್ಲ? ಆಮ್ಲಜನಕ ಸರಿಯಾಗಿಯೇ ಇದ್ದವರೂ ಮನೆಯಲ್ಲಿ ಸ್ಟಿರಾಯ್ಡ್ ನುಂಗುತ್ತಿದ್ದರು, ವಾಟ್ಸಾಪ್‌ನಲ್ಲಿ ಬಂದ ಚೀಟಿ ನೋಡಿ. ಆಮೇಲೆ ಕರ್ನಾಟಕದಲ್ಲೂ ಕಪ್ಪು ಶಿಲೀಂಧ್ರದ ರೋಗಿಗಳು ಸಾಲುಗಟ್ಟಿ ಬಂದರು. ಅದಕ್ಕೆ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಎರಡನ್ನೂ ಕಾರಣಗಳಾಗಿ ಗುರುತಿಸಿದರು. ಅಷ್ಟು ಹೊತ್ತಿಗಾಗಲೇ ಈ ಮೂರನೇ ಸಾಲು ಅಚ್ಚಾಗಿತ್ತು. ಓದಿದವರು "ಡೆಕ್ಸಾ ಕೋವಿಡ್‌ಗೆ ಒಳ್ಳೆಯದು" ಅನ್ನುವ ಮೊದಲ ಸಾಲಿಗೇ ನಿಂತುಬಿಟ್ಟಿದ್ದರು.

ಎರಡನೇ ಸ್ಲೈಡಿನಲ್ಲಿ ಒಂದು ಅನುಮಾನ ಹಾಕಿ. ಈ ಮೂರು ಗುಂಪುಗಳ ನಡುವೆ ವ್ಯತ್ಯಾಸ ಬರೀ ಆಮ್ಲಜನಕದ್ದಾ? ಟೇಬಲ್ 1 ನೋಡಿದರೆ ವೆಂಟಿಲೇಟರ್ ಮೇಲಿದ್ದವರು, ಯಾವ ನೆರವೂ ಇಲ್ಲದವರಿಗಿಂತ ಸರಾಸರಿ ಹತ್ತು ವರ್ಷ ಚಿಕ್ಕವರು. ರೋಗಲಕ್ಷಣ ಶುರುವಾಗಿ ಅವರಿಗೆ ಸುಮಾರು ಏಳು ದಿನ ಜಾಸ್ತಿಯೇ ಆಗಿತ್ತು. ಏಳು ದಿನ ದಾಟಿದವರಲ್ಲೇ ಲಾಭ ಹೆಚ್ಚು ಅಂತ ಪೇಪರ್ ಬೇರೆ ಹೇಳುತ್ತದೆ. ಹಾಗಾದರೆ ಲಾಭಕ್ಕೆ ಕಾರಣ ಆಮ್ಲಜನಕದ ಅಗತ್ಯವೋ, ಕಾಯಿಲೆ ವೈರಸ್ಸಿನ ಹಂತ ದಾಟಿ ಉರಿಯೂತದ ಹಂತಕ್ಕೆ ಬಂದಿರುವುದೋ? ಹಿನ್ನೆಲೆಯ ಸ್ಲೈಡಿನಲ್ಲಿ ಹಾಕಿದ ಆ ಎರಡು ಸಾಲು ಇಲ್ಲಿ ಕೆಲಸಕ್ಕೆ ಬಂತು ನೋಡಿ. ಉತ್ತರ ಪೇಪರಿನಲ್ಲಿಲ್ಲ, ಕೋಣೆಯಲ್ಲಿ ಚರ್ಚೆಯಾಗಲಿ. ಒಳ್ಳೆಯ ಜರ್ನಲ್ ಕ್ಲಬ್ ಜೋರಾಗುವುದು ಇಂಥ ಜಾಗದಲ್ಲೇ.

ಉಳಿದ ಫಲಿತಾಂಶಗಳಿಗೆ ಒಂದು ಸ್ಲೈಡ್ ಸಾಕು. ಆಸ್ಪತ್ರೆಯಲ್ಲಿ ಇದ್ದ ದಿನ ಮೀಡಿಯನ್ 12 ಮತ್ತು 13, 28 ದಿನದೊಳಗೆ ಮನೆಗೆ ಹೋದವರು 67.2% ಮತ್ತು 63.5%. ಮುಂದೆ ಹೋಗಿ.

ಮಿತಿಗಳು: ಡಿಸ್ಕಷನ್‌ನಿಂದ ನಕಲು ಮಾಡಬೇಡಿ

ಹಾಳೆಯ ನಾಲ್ಕನೇ ಭಾಗವನ್ನು ಮೊದಲೇ ತುಂಬಿ ಅಂದಿದ್ದೆ. ಲೇಖಕರು ತಮ್ಮ ಪೇಪರಿನ ಬಗ್ಗೆ ಎಷ್ಟು ಹೇಳಬೇಕೋ ಅಷ್ಟೇ ಹೇಳಿರುತ್ತಾರೆ. ನೀವೂ ಅದನ್ನೇ ಓದಿದರೆ ನಿಮ್ಮ ಕೆಲಸ ಏನು? ಇನ್ನು "ಓಪನ್ ಲೇಬಲ್, ಒಂದೇ ದೇಶ, ಕಡಿಮೆ ಫಾಲೋಅಪ್" ಅಂತ ಮೂರು ಬುಲೆಟ್ ಹಾಕುವುದೂ ದಂಡ. ಯಾವ ಪೇಪರಿಗೆ ಬೇಕಾದರೂ ಅಂಟಿಸಬಹುದಾದ ಬುಲೆಟ್ ಅದು.

ಪ್ರತಿ ಮಿತಿಗೂ ಮೂರು ವಿಷಯ ಹೇಳಿ: ಏನು ಕೊರತೆ, ಅದು ಉತ್ತರವನ್ನು ಯಾವ ಕಡೆ ಎಳೆಯುತ್ತದೆ, ಎಷ್ಟು. ಉದಾಹರಣೆಗೆ ಓಪನ್ ಲೇಬಲ್ ತೆಗೆದುಕೊಳ್ಳಿ. ನೋವು ಎಷ್ಟು ಕಮ್ಮಿಯಾಯಿತು ಎಂದು ಕೇಳುವ ಅಧ್ಯಯನದಲ್ಲಿ ಇದು ದೊಡ್ಡ ತೊಂದರೆ. ಇಲ್ಲಿ ನೋಡಿದ್ದು ಸಾವು, ಅದನ್ನು ಎಣಿಸುವಾಗ ಯಾರ ಅಭಿಪ್ರಾಯವೂ ಬೇಕಾಗಿಲ್ಲ. ಆದರೆ ಬೇಗ ಡಿಸ್ಚಾರ್ಜ್ ಮಾಡುವುದು ವೈದ್ಯರ ಕೈಯಲ್ಲಿದೆ, ಆ 12 ಮತ್ತು 13 ದಿನದ ವ್ಯತ್ಯಾಸಕ್ಕೆ ಈ ಅನುಮಾನ ಅನ್ವಯಿಸುತ್ತದೆ. ಒಂದೇ ಮಿತಿ ಒಂದು ಫಲಿತಾಂಶಕ್ಕೆ ಹಗುರ, ಇನ್ನೊಂದಕ್ಕೆ ಭಾರ.

ಎರಡನೆಯದು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲೂ ಸುಮಾರು 8% ಜನರಿಗೆ ವೈದ್ಯರು ಡೆಕ್ಸಾಮೆಥಾಸೋನ್ ಕೊಟ್ಟರು. ಕೇಳಿದ ತಕ್ಷಣ "ಅಯ್ಯೋ, ಹಾಳಾಯಿತು" ಅನಿಸುತ್ತದೆ. ಯೋಚಿಸಿ ನೋಡಿ, ಎರಡು ಗುಂಪುಗಳು ಹೀಗೆ ಬೆರೆತರೆ ಅವುಗಳ ನಡುವಿನ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದಾಗುತ್ತದೆ. ಅಂದರೆ ನಿಜವಾದ ಲಾಭ ಕಂಡದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬಹುದು. ಈ ದಿಕ್ಕನ್ನು ಹೇಳಿದರೆ ಮುಂದಿನ ಸಾಲಿನವರು ತಲೆ ಆಡಿಸುತ್ತಾರೆ.

ಮೂರನೆಯದು ನನ್ನ ಪ್ರಕಾರ ನಮಗೆ ಎಲ್ಲಕ್ಕಿಂತ ಮುಖ್ಯ. ಕೆಲಸದ ಒತ್ತಡದಲ್ಲಿದ್ದ ಆಸ್ಪತ್ರೆಗಳಿಗೆ ಭಾರವಾಗದಿರಲಿ ಎಂದು ಫಾಲೋಅಪ್‌ಗೆ ಒಂದು ಚಿಕ್ಕ ಆನ್‌ಲೈನ್ ಫಾರ್ಮ್ ಇಟ್ಟಿದ್ದರು. ಅದಕ್ಕೇ ಇಷ್ಟು ಬೇಗ ಇಷ್ಟು ಜನ ಸಿಕ್ಕಿದರು. ಆದರೆ ಸ್ಟಿರಾಯ್ಡ್ ಕೊಟ್ಟ ಮೇಲೆ ಸಕ್ಕರೆ ಎಷ್ಟು ಏರಿತು, ಬೇರೆ ಸೋಂಕು ಬಂತಾ ಅನ್ನುವುದರ ವಿವರ ಈ ಪೇಪರಿನಲ್ಲಿ ತೀರಾ ಕಮ್ಮಿ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಂಥ ಕಡೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ನಾಲ್ಕನೆಯದಾಗಿ ನಮ್ಮ ವಾರ್ಡಿಗೆ ಇದು ಹೊಂದುತ್ತದಾ? ಸರಾಸರಿ ವಯಸ್ಸು 66. ಆಮ್ಲಜನಕವೂ ಬೇಕಿಲ್ಲದವರಲ್ಲಿ 14% ಸಾವು ಅಂದರೆ ನಮ್ಮ ಕಡೆಯ ಪಿಜಿ ಹುಬ್ಬೇರಿಸುತ್ತಾರೆ. ಆದರೆ ಅವರು ವಯಸ್ಸಾದವರು, ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಇದ್ದವರು. ಲಸಿಕೆಗೂ ಮುಂಚಿನ ಕಾಲ ಬೇರೆ. ಅನುಪಾತ ಇಲ್ಲಿಗೂ ಸರಿಸುಮಾರು ಹೊಂದಬಹುದು, ಆದರೆ ಎಷ್ಟು ಜನಕ್ಕೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ ಅನ್ನುವ ಸಂಖ್ಯೆ ಹಾಗೇ ಎತ್ತಿಕೊಂಡು ಬರುವಂಥದ್ದಲ್ಲ. ಇಲ್ಲಿನ ಮೂಲ ಸಾವಿನ ಪ್ರಮಾಣ ಬೇರೆ ಇದ್ದರೆ ಅದೂ ಬೇರೆ.

ಈ ನಾಲ್ಕನ್ನೂ ಬರೆದ ಮೇಲೆ ಡಿಸ್ಕಷನ್ ತೆರೆಯಿರಿ. ನೀವು ಬರೆದದ್ದು ಅಲ್ಲಿಲ್ಲದಿದ್ದರೆ ಇಟ್ಟುಕೊಳ್ಳಿ. ಅಲ್ಲಿದ್ದು ನೀವು ಬರೆಯದೇ ಇದ್ದದ್ದನ್ನು ಸೇರಿಸಿ.

ಸ್ಲೈಡ್ ಕೈಗೆಲಸ, ಬೇಗ ಬೇಗ

ಎಣಿಸಿ ನೋಡಿ: ಶೀರ್ಷಿಕೆ 1, ಹಿನ್ನೆಲೆ 1, ಪ್ರಶ್ನೆ 1, ಮೆಥಡ್ಸ್ 3, ಒಟ್ಟು ಫಲಿತಾಂಶ 1, ಗುಂಪುವಾರು 2, ಉಳಿದ ಫಲ 1, ಮಿತಿ 1. ಹನ್ನೊಂದು. ಮಾತಿಗೆ ಇಪ್ಪತ್ತು ನಿಮಿಷ, ಚರ್ಚೆಗೆ ಹತ್ತು. ಥ್ಯಾಂಕ್ ಯೂ ಸ್ಲೈಡ್ ಬೇಡ, ಮಿತಿಯ ಸ್ಲೈಡ್ ಹಾಗೇ ಪರದೆ ಮೇಲೆ ಇರಲಿ, ಚರ್ಚೆ ಅದನ್ನು ನೋಡಿಕೊಂಡೇ ನಡೆಯುತ್ತದೆ.

ಶೀರ್ಷಿಕೆಯ ಜಾಗದಲ್ಲಿ "ರಿಸಲ್ಟ್ಸ್" ಅಂತ ಬರೆಯಬೇಡಿ, ಸ್ಲೈಡ್ ಏನು ಹೇಳುತ್ತದೋ ಅದನ್ನೇ ಬರೆಯಿರಿ, ಉದಾಹರಣೆಗೆ "ಲಾಭ ವೆಂಟಿಲೇಟರ್ ಮೇಲಿದ್ದವರಲ್ಲಿ ಹೆಚ್ಚು". ಅಕ್ಷರ 24 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಹಳದಿ ಬಣ್ಣ ನುಂಗುತ್ತದೆ, ನಮ್ಮಲ್ಲಂತೂ ಕೆಂಪನ್ನೂ ನುಂಗುತ್ತಿತ್ತು, ಹಾಗಾಗಿ ಬಿಳಿ ಮೇಲೆ ಕಪ್ಪು. ಸರ್ವೈವಲ್ ಕರ್ವ್ ತೋರಿಸುವುದಾದರೆ ನಿಂತ ಗೆರೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಬಾಯಲ್ಲಿ ಹೇಳಿ. ಸೊನ್ನೆಯಿಂದ ನೂರರವರೆಗೆ ಎಳೆದರೆ ಎರಡು ಗೆರೆ ಅಂಟಿಕೊಂಡ ಹಾಗೆ, ಐವತ್ತಕ್ಕೇ ನಿಲ್ಲಿಸಿದರೆ ನಡುವೆ ಕಂದಕ ಇದ್ದ ಹಾಗೆ ಕಾಣುತ್ತದೆ. ಡೇಟಾ ಎರಡರಲ್ಲೂ ಒಂದೇ.

ಹಿಂದಿನ ರಾತ್ರಿ ಫೋನಿನಲ್ಲಿ ಟೈಮರ್ ಹಾಕಿ ಒಮ್ಮೆ ಪೂರ್ತಿ ಹೇಳಿ. ಒಂಬತ್ತನೇ ಸ್ಲೈಡಿಗೆ ಹದಿನೆಂಟು ನಿಮಿಷ ದಾಟಿದ್ದರೆ ಹಿನ್ನೆಲೆಯಲ್ಲಿ ಜಾಸ್ತಿ ಮಾತಾಡಿದ್ದೀರಿ. ಎ4 ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. 0.89 ಮತ್ತು 0.83ರ ಲೆಕ್ಕ ಅದರ ಮೇಲಿದೆ, ಯಾರಾದರೂ ಫೋನ್ ತೆಗೆದು ಭಾಗಿಸಲು ಶುರು ಮಾಡಿದರೆ ಬೇಕಾಗುತ್ತದೆ.